ಒನಕೆ ಇರುವಾಗ ಖಡ್ಗದ ಮಾತೇಕೆ: ಫೋಟೋ ಕ್ಯಾಪ್ಶನ್ ಕನ್ನಡಕ್ಕೆ ತರುವ ಬಗೆ

ಪ್ರಶ್ನೆ: ನಾನು ದಾವಣಗೆರೆಯವಳು. ಒಂದು ಪ್ರವಾಸ ಕಂಪನಿಯ ಪೇಜ್‌ಗೆ ಬೆಂಗಳೂರಿನಿಂದ ಇಂಗ್ಲಿಷ್ ಕ್ಯಾಪ್ಶನ್ ಬರುತ್ತವೆ, ನಾನು ಕನ್ನಡ ಮಾಡಿ ಹಾಕಬೇಕು. ಮೊನ್ನೆ ಚಿತ್ರದುರ್ಗದ ಕೋಟೆ ಫೋಟೋಗೆ ‘ಸೆವೆನ್ ವಾಲ್ಸ್. ಒನ್ ವುಮನ್. ನೋ ಸೋರ್ಡ್.’ ಅಂತ ಬಂತು. ‘ಏಳು ಗೋಡೆಗಳು. ಒಬ್ಬ ಮಹಿಳೆ. ಖಡ್ಗವಿಲ್ಲ.’ ಅಂತ ಬರೆದೆ. ಚಿಕ್ಕದಾಗೇ ಇದೆ, ಆದರೂ ಸರ್ಕಾರಿ ಬೋರ್ಡ್ ಓದಿದ ಹಾಗಿದೆ. ಬೆಣ್ಣೆ ದೋಸೆ ಫೋಟೋದ ‘ಸಂಡೇ ಸ್ಟಾರ್ಟ್ಸ್ ವಿತ್ ಬಟರ್’ ಕೂಡ ಹಾಗೇ ಆಯಿತು. ಹ್ಯಾಶ್‌ಟ್ಯಾಗ್ ಎಲ್ಲ ಕನ್ನಡ ಮಾಡಿದರೆ ಹೆಚ್ಚು ಜನಕ್ಕೆ ಮುಟ್ಟುತ್ತೆ ಅಂತ ಒಬ್ಬರು, ಮುಟ್ಟಲೇಬೇಡ ಅಂತ ಇನ್ನೊಬ್ಬರು. ಏನು ಮಾಡಲಿ?

ಉತ್ತರ: ಮೊದಲು ಕೋಟೆಯ ಸಾಲನ್ನೇ ತೆಗೆದುಕೊಳ್ಳೋಣ, ಏಕೆಂದರೆ ಉಳಿದದ್ದಕ್ಕೆಲ್ಲ ಬೇಕಾದ ಪಾಠ ಅದರಲ್ಲೇ ಇದೆ.

ಕ್ಯಾಪ್ಶನ್ ಚಿಕ್ಕದಾದಷ್ಟೂ ಲಯ ಚೆನ್ನಾಗಿರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದಕ್ಕೇ ಇಂಗ್ಲಿಷಿನಲ್ಲಿ ಆರು ಪದವಿದ್ದರೆ ಕನ್ನಡದಲ್ಲೂ ಆರರೊಳಗೆ ಮುಗಿಸಲು ಒದ್ದಾಡುತ್ತಾರೆ. ನಿಮ್ಮ ಸಾಲು ಐದೇ ಪದದಲ್ಲಿ ಮುಗಿದಿದೆ, ಆದರೂ ಓಡುತ್ತಿಲ್ಲ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದ್ದರೆ ಮಾತ್ರೆ ಎಣಿಸಿ ನೋಡಿ. ಹ್ರಸ್ವಕ್ಕೆ 1, ದೀರ್ಘಕ್ಕೆ 2, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ 2. ‘ಏಳು ಗೋಡೆಗಳು’ 8 ಮಾತ್ರೆ, ‘ಒಬ್ಬ ಮಹಿಳೆ’ 6, ‘ಖಡ್ಗವಿಲ್ಲ’ 6. ಲೆಕ್ಕದಲ್ಲಿ ತಪ್ಪೇ ಇಲ್ಲ! ಹಾಗಾದರೆ ಅದು ಬೋರ್ಡ್ ಓದಿದಂತೆ ಏಕೆ ಕೇಳುತ್ತದೆ?

ತೊಂದರೆ ಇರುವುದು ಪದಗಳ ವಾಸಸ್ಥಾನದಲ್ಲಿ. ‘ಮಹಿಳೆ’ ಎಂಬ ಪದವನ್ನು ನಾವು ಬಸ್ಸಿನ ಸೀಟಿನ ಮೇಲೆ, ಅರ್ಜಿ ಫಾರಂನಲ್ಲಿ, ಇಲಾಖೆಯ ಹೆಸರಿನಲ್ಲಿ ಓದಿ ಅಭ್ಯಾಸ. ಮೂರು ಸಾಲಿನ ನಡುವೆ ಅದನ್ನು ಕೂರಿಸಿದ ಕೂಡಲೇ ಪ್ರಕಟಣೆಯ ದನಿ ಬಂದುಬಿಡುತ್ತದೆ. ‘ಗೋಡೆ’ ಮನೆಯ ಮಾತು. ಚಿತ್ರದುರ್ಗದ ಕೋಟೆಗೆ ಗೋಡೆ ಇದ್ದರೂ ಅದನ್ನು ಯಾರೂ ಏಳು ಗೋಡೆಯ ಕೋಟೆ ಎನ್ನುವುದಿಲ್ಲ, ಏಳು ಸುತ್ತಿನ ಕೋಟೆ ಎನ್ನುತ್ತಾರೆ. ಇಂಗ್ಲಿಷ್ ಬರೆದವರು ಆ ‘ಸುತ್ತು’ ಎಂಬ ಕನ್ನಡ ಪದವನ್ನೇ ಎಲ್ಲೋ ಓದಿ ‘ವಾಲ್ಸ್’ ಮಾಡಿದ್ದಾರೆ, ನೀವು ಅದನ್ನು ‘ಗೋಡೆ’ ಮಾಡಿದ್ದೀರಿ. ಊರಿನ ಮಾತು ಊರಿಗೆ ಮರಳುವಾಗ ಹಳೆಯ ಹೆಸರಿನಲ್ಲೇ ಮರಳಬೇಕು. ನಮ್ಮ ಭಾಗದ ಜಾಗಗಳ ಬಗ್ಗೆ ಇಂಗ್ಲಿಷಿನಲ್ಲಿ ಏನೇ ಬಂದರೂ ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನೇ: ಇದು ಅನುವಾದಿಸಬೇಕಾದ ಪದವೋ, ವಾಪಸು ತರಬೇಕಾದ ಪದವೋ?

ಇನ್ನು ‘ನೋ ಸೋರ್ಡ್’. ಈ ಎರಡು ಪದ ಇಂಗ್ಲಿಷಿನಲ್ಲಿ ಮಾಡುವ ಕೆಲಸವೇ ಬೇರೆ. ಓಬವ್ವನ ಕಥೆ ಗೊತ್ತಿಲ್ಲದವರಿಗೆ ಅದು ಕುತೂಹಲದ ಕೊಕ್ಕೆ: ಖಡ್ಗವಿಲ್ಲದೆ ಏನು ಮಾಡಿದಳು? ಕನ್ನಡ ಓದುಗರಿಗೆ ಆ ಕೊಕ್ಕೆ ಹಿಡಿಯುವುದಿಲ್ಲ. ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಕಾವಲುಗಾರನ ಹೆಂಡತಿ ಒನಕೆಯಿಂದ ಹೊಡೆದ ಕಥೆ ಅವರಿಗೆ ಚಿಕ್ಕಂದಿನಿಂದ ಗೊತ್ತು. ಖಡ್ಗ ಇರಲಿಲ್ಲ ಎಂದು ಹೇಳಿದರೆ ‘ಗೊತ್ತಲ್ಲ, ಒನಕೆ ಇತ್ತು’ ಎಂದು ಮನಸ್ಸು ತಾನೇ ಉತ್ತರ ಕೊಟ್ಟು ಮುಂದಿನ ಫೋಟೋಗೆ ಹೋಗುತ್ತದೆ. ಗೊತ್ತಿಲ್ಲದವರಿಗೆ ಮುಚ್ಚಿಟ್ಟು ಹೇಳುವುದು ಪರಿಣಾಮ ಮಾಡುತ್ತದೆ. ಗೊತ್ತಿರುವವರಿಗೆ ಆ ವಸ್ತುವನ್ನೇ ಕೈಗೆ ಕೊಡಬೇಕು. ಹಾಗಾಗಿ ಇಲ್ಲಿ ನಿಷೇಧವನ್ನು ಬಿಟ್ಟು ಇದ್ದದ್ದನ್ನು ಹೇಳುವುದೇ ಸರಿ:

ಏಳು ಸುತ್ತಿನ ಕೋಟೆ. ಒಬ್ಬಳೇ ಹೆಣ್ಣು. ಕೈಯಲ್ಲಿ ಒನಕೆ.

ಈಗ ಎಣಿಸಿ. ಮೊದಲ ತುಂಡು 10 ಮಾತ್ರೆ. ಎರಡನೆಯದು 5 ಮತ್ತು 3, ಮೂರನೆಯದೂ 5 ಮತ್ತು 3. ನಿಮ್ಮ ಸಾಲಿಗಿಂತ ಇದು ಉದ್ದ, ಆದರೆ ಕೋಟೆಯ ಹರವು ಮೊದಲು ಬಂದು, ಆಮೇಲೆ ಎರಡು ಸಮ ಪೆಟ್ಟು ಬೀಳುತ್ತವೆ. ಇಂಗ್ಲಿಷಿನ ಮೂಲದಲ್ಲಿ ಲಯ ಬಂದದ್ದು ಎರಡೆರಡು ಪದದ ಮೂರು ತುಂಡುಗಳಿಂದ. ಕನ್ನಡದಲ್ಲಿ ಪದದ ಎಣಿಕೆಯಿಂದ ಆ ಲಯ ಬರುವುದಿಲ್ಲ, ಮಾತ್ರೆಯ ಹೊಂದಿಕೆಯಿಂದ ಬರುತ್ತದೆ. ನಮ್ಮಲ್ಲಿ ವಿಭಕ್ತಿ, ಬಹುವಚನ, ನಿಷೇಧ ಎಲ್ಲವೂ ಪದಕ್ಕೇ ಅಂಟಿಕೊಳ್ಳುವುದರಿಂದ ಒಂದು ಪದ ಮೂರು ಮಾತ್ರೆಯೂ ಆಗಬಹುದು, ಹನ್ನೆರಡೂ ಆಗಬಹುದು. ಪದ ಎಣಿಸಿದರೆ ಏನೂ ತಿಳಿಯದು. ಪ್ರತಿ ಸಲ ಪ್ರಸ್ತಾರ ಹಾಕಬೇಕೆಂದೇನೂ ಇಲ್ಲ. ಜೋರಾಗಿ ಓದಿ, ಕೊನೆಯ ಎರಡು ತುಂಡಿಗೆ ಕೈ ತಟ್ಟಿ ನೋಡಿ. ತಟ್ಟು ಎಡವಿದರೆ ಮಾತ್ರ ಎಣಿಸಿದರೆ ಸಾಕು.

ಫೋಟೋದಲ್ಲಿ ಕೋಟೆಯ ಬದಲು ಓಬವ್ವನ ಕಿಂಡಿಯೇ ಇದ್ದರೆ ಇನ್ನೊಂದು ದಾರಿ ಇದೆ: ‘ಏಳು ಸುತ್ತಿನ ಕೋಟೆ. ಒಂದು ಕಿಂಡಿ. ಒಂದು ಒನಕೆ.’ ಇಲ್ಲಿ ಕೊನೆಯ ಎರಡೂ 6 ಮಾತ್ರೆ. ಇನ್ನೂ ಬಿಗಿ. ಆದರೆ ಹೆಣ್ಣು ಎಂಬ ಮಾತು ಹೋಗುತ್ತದೆ, ಅದನ್ನು ಓದುಗರೇ ತುಂಬಿಕೊಳ್ಳಬೇಕು. ಕಂಪನಿಯ ಪೋಸ್ಟ್ ಮಹಿಳಾ ದಿನಾಚರಣೆಯದ್ದಾಗಿದ್ದರೆ ಇದು ಬೇಡ. ‘ಒಂದೇ ಕಿಂಡಿ’ ಎಂದು ಒತ್ತು ಕೊಡುವ ಆಸೆಯಾಗುತ್ತದೆ, ಅದೂ ಬೇಡ. ಆ ಕೋಟೆಗೆ ದಿಡ್ಡಿ ಬಾಗಿಲು, ಕಳ್ಳದಾರಿಗಳು ಹಲವಿವೆ. ‘ಒಂದೇ’ ಎಂದು ಬರೆದರೆ ಚಿತ್ರದುರ್ಗದವರು ಕಮೆಂಟಿನಲ್ಲಿ ತಿದ್ದುತ್ತಾರೆ, ಅವರು ತಿದ್ದುವುದು ಸರಿಯಾಗಿಯೇ ಇರುತ್ತದೆ.

‘ಒಬ್ಬಳೇ’ ಎಂಬ ಏಕವಚನದ ಬಗ್ಗೆ ಒಂದು ಮಾತು. ಇಂಗ್ಲಿಷಿನ ‘ವುಮನ್’, ‘ಶೀ’ ಗೌರವದ ಬಗ್ಗೆ ಏನೂ ಹೇಳುವುದಿಲ್ಲ. ಕನ್ನಡದಲ್ಲಿ ಆಯ್ಕೆ ಮಾಡದೆ ಬರೆಯಲು ಆಗುವುದೇ ಇಲ್ಲ. ಓಬವ್ವನನ್ನು ಜನ ಮನೆಯವಳಂತೆ, ದೇವತೆಯಂತೆ ಏಕವಚನದಲ್ಲೇ ಕರೆಯುತ್ತಾರೆ, ಅಲ್ಲಿ ‘ಒಬ್ಬರೇ’ ಎಂದರೆ ದೂರವಾಗುತ್ತದೆ. ಆದರೆ ಅದೇ ಪೇಜ್‌ನಲ್ಲಿ ಮಂಡಕ್ಕಿ ಮಾರುವ ಅಜ್ಜಿಯ ಫೋಟೋ ಬಂದು ಇಂಗ್ಲಿಷಿನಲ್ಲಿ ‘ಶೀ’ ಎಂದಿದ್ದರೆ, ‘ಅವಳು’ ಬರೆದರೆ ಕಿವಿಗೆ ಹೊಡೆಯುತ್ತದೆ. ಅಲ್ಲಿ ‘ಅಜ್ಜಿ’ ಎಂಬ ಒಂದೇ ಪದ ಸರ್ವನಾಮದ ಕಷ್ಟವನ್ನೇ ತೆಗೆದುಹಾಕುತ್ತದೆ: ‘ಅಜ್ಜಿ ಕೈಯ ಮಂಡಕ್ಕಿ’.

ಬೆಣ್ಣೆಯ ಸಾಲಿನಲ್ಲಿ ಇರುವ ತೊಂದರೆ ಬೇರೆ ಜಾತಿಯದು. ‘ಸಂಡೇ ಸ್ಟಾರ್ಟ್ಸ್ ವಿತ್ ಬಟರ್’ ಎಂದಾಗ ಕೊನೆಗೆ ಬಾಯಲ್ಲಿ ಉಳಿಯುವುದು ಬೆಣ್ಣೆ. ‘ಭಾನುವಾರ ಬೆಣ್ಣೆಯಿಂದ ಪ್ರಾರಂಭವಾಗುತ್ತದೆ’ ಎಂದಾಗ ಉಳಿಯುವುದು ‘ಆಗುತ್ತದೆ’. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಇಂಗ್ಲಿಷಿನ ಕೊನೆಯ ರುಚಿಯ ಪದ ಇಲ್ಲಿ ನಡುವೆ ಹೂತುಹೋಗುತ್ತದೆ. ಭಾರವನ್ನೂ ನೋಡಿ: ಮೊದಲ ಎರಡು ಪದ ತಲಾ 6 ಮಾತ್ರೆ, ಕೊನೆಯ ಪದ ಒಂದೇ 11. ಬಾಲ ಮೈಗಿಂತ ದೊಡ್ಡದಾಯಿತು.

ಸುಲಭದ ಪರಿಹಾರ ‘ಭಾನುವಾರ ಬೆಣ್ಣೆಯಿಂದ ಶುರು’. ಬಾಲ ಎರಡು ಮಾತ್ರೆಗೆ ಇಳಿಯಿತು, ಭ–ಬ ಪ್ರಾಸವೂ ಸಿಕ್ಕಿತು. ದಿನಕ್ಕೆರಡು ಪೋಸ್ಟ್ ಹಾಕುವ ಪೇಜ್‌ಗೆ ಇದು ಸಾಕು. ಕ್ರಿಯಾಪದವನ್ನು ಪೂರ್ತಿ ಬಿಟ್ಟರೆ ಇನ್ನೂ ಚೆನ್ನಾಗಿರುತ್ತದೆ:

ಭಾನುವಾರ, ಬೆಣ್ಣೆ ವಾರ.

ಎರಡೂ ಕಡೆ 6 ಮಾತ್ರೆ, ಎರಡರ ಕೊನೆಯಲ್ಲೂ ‘ವಾರ’. ಮೂಲದಲ್ಲಿದ್ದ ‘ಶುರು’ ಎಂಬ ಅರ್ಥ ಇಲ್ಲಿ ಇಲ್ಲ. ಅದು ನಷ್ಟವೇ? ಫೋಟೋದಲ್ಲಿ ಬೆಳಗಿನ ಬಿಸಿಲು, ಕಾವಲಿ, ಮೇಲೆ ಬೆಣ್ಣೆ ಕರಗುತ್ತಿರುವ ದೋಸೆ ಇದ್ದರೆ ಶುರು ಎಂಬುದನ್ನು ಚಿತ್ರವೇ ಹೇಳುತ್ತದೆ. ಕ್ಯಾಪ್ಶನ್ ಅನುವಾದದಲ್ಲಿ ಮೂಲ ಪಠ್ಯ ಎಂದರೆ ಸಾಲು ಮತ್ತು ಫೋಟೋ ಎರಡೂ. ಹಾಗಾಗಿ ಫೋಟೋ ಕಳುಹಿಸದೆ ಬರೀ ಸಾಲು ಕಳುಹಿಸಿದರೆ ಕೆಲಸ ಶುರು ಮಾಡಬೇಡಿ, ಫೋಟೋ ಕೇಳಿ. ಅದರಿಂದ ಇನ್ನೊಂದು ಲಾಭವೂ ಇದೆ. ಹೊರಗೆ ಕೂತು ಬರೆದವರು ಅಭ್ಯಾಸಬಲದಿಂದ ದೋಸೆಯ ಜೊತೆ ಸಾಂಬಾರ್ ಸೇರಿಸಿಬಿಡುತ್ತಾರೆ. ನಮ್ಮ ಬೆಣ್ಣೆ ದೋಸೆಯ ತಟ್ಟೆಯಲ್ಲಿ ಸಾಮಾನ್ಯವಾಗಿ ಇರುವುದು ಕಾಯಿ ಚಟ್ನಿ ಮತ್ತು ಆಲೂಗಡ್ಡೆ ಪಲ್ಯ. ಫೋಟೋದಲ್ಲಿ ಇಲ್ಲದ ಸಾಂಬಾರನ್ನು ನೀವು ಕನ್ನಡಿಸಿದರೆ ತಪ್ಪು ನಿಮ್ಮದೇ ಆಗುತ್ತದೆ.

ಎಲ್ಲವನ್ನೂ ಅಚ್ಚಗನ್ನಡ ಮಾಡಬೇಕೆಂಬುದೂ ಒಂದು ತಪ್ಪು ನಂಬಿಕೆ. ಚಿತ್ರದುರ್ಗದ ಸುತ್ತಲ ಗುಡ್ಡಗಳ ಗಾಳಿಯಂತ್ರಗಳ ಫೋಟೋ ಹಾಕಿ ‘ಬಿಗ್ ಫ್ಯಾನ್ ಆಫ್ ದಿಸ್ ಪ್ಲೇಸ್’ ಎಂದು ಬಂದರೆ ಏನು ಮಾಡುತ್ತೀರಿ? ‘ಅಭಿಮಾನಿ’ ಎಂದು ಬರೆದ ಕೂಡಲೇ ಶ್ಲೇಷೆ ಸತ್ತಿತು. ಆದರೆ ‘ಫ್ಯಾನ್’ ಎಂಬ ಪದ ಕನ್ನಡಕ್ಕೆ ಎರಡೂ ಅರ್ಥದಲ್ಲಿ ಬಂದು ನೆಲೆಸಿದೆ. ಮನೆಯ ಚಾವಣಿಯಲ್ಲಿ ತಿರುಗುವುದೂ ಫ್ಯಾನ್, ಹೀರೋನ ಕಟೌಟಿಗೆ ಹಾರ ಹಾಕುವವನೂ ಫ್ಯಾನ್. ‘ನಾವೂ ಈ ಊರಿನ ದೊಡ್ಡ ಫ್ಯಾನು’ ಎಂದರೆ ಆಯಿತು. ಪದ ಅನ್ಯಭಾಷೆಯದೇ ಎಂದು ನೋಡುವುದಕ್ಕಿಂತ, ಆ ಶ್ಲೇಷೆಯ ಎರಡೂ ಕಾಲು ಕನ್ನಡದ ನೆಲದ ಮೇಲಿವೆಯೇ ಎಂದು ನೋಡಿ. ಒಂದು ಕಾಲು ಮಾತ್ರ ಇದ್ದರೆ ಶ್ಲೇಷೆಯನ್ನು ಬಿಟ್ಟು ಫೋಟೋಗೆ ಹೊಸ ಸಾಲು ಬರೆಯುವುದು ಒಳ್ಳೆಯದು. ವಿವರಿಸಿದ ಶ್ಲೇಷೆಗೆ ಯಾರೂ ನಗುವುದಿಲ್ಲ.

ಈಗ ಹ್ಯಾಶ್‌ಟ್ಯಾಗ್. ನಿಮ್ಮ ಇಬ್ಬರು ಸಲಹೆಗಾರರೂ ಅರ್ಧರ್ಧ ಸರಿ, ಏಕೆಂದರೆ ಎಲ್ಲ ಟ್ಯಾಗ್‌ಗಳ ಕೆಲಸ ಒಂದೇ ಅಲ್ಲ. ಕಂಪನಿ ತನ್ನ ಪ್ರಚಾರಕ್ಕೆ ಮಾಡಿಕೊಂಡ ಟ್ಯಾಗ್ ವಿಳಾಸವಿದ್ದಂತೆ. ಅದನ್ನು ಒತ್ತಿದರೆ ಆ ಪ್ರಚಾರದ ಎಲ್ಲ ಪೋಸ್ಟ್ ಒಂದೆಡೆ ಸಿಗಬೇಕು. ಅನುವಾದಿಸಿದರೆ ನಿಮ್ಮ ಪೋಸ್ಟ್ ಬೇರೆ ಮನೆಗೆ ಹೋಗುತ್ತದೆ, ಹಾಗಾಗಿ ಅದರ ಒಂದಕ್ಷರವನ್ನೂ ಮುಟ್ಟಬೇಡಿ. ಊರು ಮತ್ತು ತಿಂಡಿಯ ಟ್ಯಾಗ್ ಹುಡುಕುವವರಿಗಾಗಿ. ಕನ್ನಡ ಓದುವವರಲ್ಲೂ ಬಹಳ ಜನ ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುವುದರಿಂದ ಅವನ್ನು ಎರಡೂ ಲಿಪಿಯಲ್ಲಿ ಹಾಕುವುದು ಲೇಸು. #wanderlust, #foodcoma ತರಹದ ಭಾವದ ಟ್ಯಾಗ್‌ಗಳಿವೆಯಲ್ಲ, ಅವನ್ನು ಅನುವಾದಿಸಿದರೆ ಯಾರೂ ಹುಡುಕದ ವಿಚಿತ್ರ ಪದಗಳು ಹುಟ್ಟುತ್ತವೆ. ಅವನ್ನು ಬಿಟ್ಟುಬಿಡಿ.

ಕನ್ನಡದಲ್ಲಿ ಟ್ಯಾಗ್ ಕೆಡುವುದು ಹೆಚ್ಚಾಗಿ ವಿಭಕ್ತಿಯಿಂದ. ಇಂಗ್ಲಿಷಿನಲ್ಲಿ ‘ಲಾಸ್ಟ್ ಇನ್ #Chitradurga’ ಎಂದು ಬರೆದರೆ ‘ಇನ್’ ಬೇರೆ ನಿಲ್ಲುತ್ತದೆ, ಟ್ಯಾಗ್ ಶುದ್ಧವಾಗಿ ಉಳಿಯುತ್ತದೆ. ಕನ್ನಡದಲ್ಲಿ #ಚಿತ್ರದುರ್ಗದಲ್ಲಿ ಎಂದಾಗ ‘ದಲ್ಲಿ’ಯೂ ಟ್ಯಾಗಿನೊಳಗೆ ಹೋಯಿತು. ನಮಗೆ #ಚಿತ್ರದುರ್ಗ, #ಚಿತ್ರದುರ್ಗದ, #ಚಿತ್ರದುರ್ಗದಲ್ಲಿ ಒಂದೇ ಊರು. ಆ್ಯಪ್‌ಗೆ ಅವು ಮೂರು ಬೇರೆ ಬೇರೆ ಟ್ಯಾಗ್. ಮೊದಲನೆಯದನ್ನು ಹುಡುಕಿದವರಿಗೆ ಮೂರನೆಯದರ ಪೋಸ್ಟ್ ಆ ಟ್ಯಾಗಿನ ಕೆಳಗೆ ಕಾಣುವುದಿಲ್ಲ.

ಕೆಲವರು ‘#ಚಿತ್ರದುರ್ಗ ದಲ್ಲಿ’ ಎಂದು ನಡುವೆ ಜಾಗ ಬಿಡುತ್ತಾರೆ. ಟ್ಯಾಗ್ ಉಳಿಯುತ್ತದೆ, ಆದರೆ ಕನ್ನಡ ಮುರಿಯುತ್ತದೆ, ಓದುವ ಕಣ್ಣಿಗೆ ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಟ್ಯಾಗನ್ನು ಸಾಲಿನಿಂದ ತೆಗೆದು ಕೆಳಗೆ ಸಾಲುಗಟ್ಟಿಸುವುದು ಸುರಕ್ಷಿತ, ಎಲ್ಲ ಕಡೆ ನಡೆಯುತ್ತದೆ. ಸಾಲಿನೊಳಗೇ ಟ್ಯಾಗ್ ಬೇಕೆಂದು ಕಂಪನಿ ಹಟ ಹಿಡಿದರೆ ವಾಕ್ಯವನ್ನೇ ತಿರುಗಿಸಿ. ಕನ್ನಡಕ್ಕೆ ಒಂದು ಒಳ್ಳೆಯ ಅನುಕೂಲವಿದೆ: ಕ್ರಿಯೆಯನ್ನು ಮುಂದೆ ತಂದು ವಿಶೇಷಣ ಮಾಡಿದರೆ ನಾಮಪದ ಯಾವ ಪ್ರತ್ಯಯವೂ ಇಲ್ಲದೆ ಕೊನೆಗೆ ಬಂದು ನಿಲ್ಲುತ್ತದೆ. ‘#ಚಿತ್ರದುರ್ಗದಲ್ಲಿ ಕಳೆದುಹೋದೆವು’ ಎಂಬುದು ‘ಮೈ ಮರೆಸಿದ ಊರು #ಚಿತ್ರದುರ್ಗ’ ಆಗುತ್ತದೆ. ಟ್ಯಾಗ್ ಶುದ್ಧವಾಯಿತು, ರುಚಿಯ ಪದ ಕೊನೆಗೆ ಬಂತು. ‘ಕಳೆದುಹೋದೆವು’ ಎಂಬ ಅಪಾಯದ ಮಾತೂ ತಪ್ಪಿತು. ಕನ್ನಡದಲ್ಲಿ ಕಳೆದುಹೋದವರನ್ನು ಹುಡುಕಲು ಪೊಲೀಸರು ಬರಬೇಕಾಗುತ್ತದೆ, ಇಂಗ್ಲಿಷಿನ ‘ಲಾಸ್ಟ್’ನಲ್ಲಿರುವ ಸುಖ ಅದರಲ್ಲಿಲ್ಲ.

ಎರಡು ಪದದ ಟ್ಯಾಗ್ ಬರೆಯುವಾಗ ಜಾಗ ಬಿಡುವಂತಿಲ್ಲ ಎಂಬುದು ನಿಮಗೆ ಗೊತ್ತೇ ಇದೆ: ‘#ಬೆಣ್ಣೆ ದೋಸೆ’ ಎಂದರೆ ಟ್ಯಾಗ್ ಆಗುವುದು ಬೆಣ್ಣೆ ಮಾತ್ರ. ಇಂಗ್ಲಿಷಿನಲ್ಲಿ #BenneDose ಎಂದು ದೊಡ್ಡಕ್ಷರ ಬಳಸಿ ಪದ ಬಿಡಿಸಿ ತೋರಿಸಬಹುದು, ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರ್‌ಗೂ ಅದು ನೆರವು. ಕನ್ನಡಕ್ಕೆ ದೊಡ್ಡಕ್ಷರವಿಲ್ಲ. #ಬೆಣ್ಣೆದೋಸೆ ಎರಡೇ ಪದ, ಅಡ್ಡಿಯಿಲ್ಲ. ಮೂರು ಪದವಾದರೆ ಅಡಿಗೆರೆ ಹಾಕಬಹುದು, ಆದರೆ #ಏಳುಸುತ್ತಿನಕೋಟೆ ಮತ್ತು #ಏಳು_ಸುತ್ತಿನ_ಕೋಟೆ ಮತ್ತೆ ಎರಡು ಬೇರೆ ಟ್ಯಾಗ್ ಆಗುತ್ತವೆ. ಹುಡುಕಿ ನೋಡಿ, ಜನ ಬಳಸುತ್ತಿರುವುದು ಯಾವುದೋ ಅದನ್ನೇ ಹಿಡಿದು ಬದಲಿಸದೆ ಬಳಸಿ. ಊರಿನ ಹೆಸರಿಗೂ ಹೀಗೇ: #davangere ಮತ್ತು #davanagere ಎರಡೂ ಚಲಾವಣೆಯಲ್ಲಿವೆ, ಜಾಗವಿದ್ದರೆ ಎರಡನ್ನೂ ಹಾಕಿ.

ಕಣ್ಣಿಗೆ ಕಾಣದ ಒಂದು ದೋಷವಿದೆ. ‘ಸ್ಟ್ರೀಟ್‌ಫುಡ್’ ಎಂದು ಟೈಪ್ ಮಾಡುವಾಗ ‘ಟ್’ ಅಕ್ಷರಕ್ಕೆ ‘ಫ’ ಒತ್ತಾಗಿ ಅಂಟದಿರಲಿ ಎಂದು ಕೀಬೋರ್ಡ್ ನಡುವೆ ಒಂದು ಅದೃಶ್ಯ ಅಕ್ಷರ ಹಾಕುತ್ತದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ U+200C. ಮಾಮೂಲಿ ಬರಹದಲ್ಲಿ ಅದು ಬೇಕೇ ಬೇಕು. ಹ್ಯಾಶ್‌ಟ್ಯಾಗಿನೊಳಗೆ ಬಂದರೆ ಎಲ್ಲ ಆ್ಯಪ್‌ಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಕೆಲವು ಕಡೆ ಟ್ಯಾಗ್ ಅಲ್ಲಿಗೇ ತುಂಡಾಗುತ್ತದೆ, ಕೆಲವು ಕಡೆ ಆ ಅಕ್ಷರ ಇಲ್ಲದೆ ಬರೆದವರ ಟ್ಯಾಗಿಗಿಂತ ಬೇರೆಯಾಗುತ್ತದೆ. ಪೋಸ್ಟ್ ಮಾಡಿದ ಮೇಲೆ ಬಣ್ಣ ನೋಡಿ: ‘#ಸ್ಟ್ರೀಟ್’ ಮಾತ್ರ ನೀಲಿಯಾಗಿ ‘ಫುಡ್’ ಕಪ್ಪಾಗಿ ಉಳಿದಿದ್ದರೆ ಇದೇ ಕಾರಣ. ಪೂರ್ತಿ ನೀಲಿಯಿದ್ದರೂ ಒತ್ತಿ ನೋಡಿ. ಒಳಗೆ ನಿಮ್ಮ ಒಂದೇ ಪೋಸ್ಟ್ ಇದ್ದರೆ ಅನುಮಾನಪಡಿ. ನಡುವೆ ಅರ್ಧಾಕ್ಷರ ಬರುವ ಪದವನ್ನು ಕನ್ನಡ ಟ್ಯಾಗಿಗೆ ಆರಿಸದಿರುವುದೇ ಇದಕ್ಕೆ ಮದ್ದು. ಅಂಥದ್ದು ಬೇಕೇ ಬೇಕೆಂದರೆ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಬೆಣ್ಣೆದೋಸೆ, ಮಂಡಕ್ಕಿ, ಕಲ್ಲಿನಕೋಟೆ ಇವುಗಳಿಗೆ ಆ ಕಾಟವೇ ಇಲ್ಲ.

ಟ್ಯಾಗಿಗೆ ಇನ್ನೊಂದು ಕೆಲಸ ಕೊಡಬಹುದು, ಅದನ್ನು ಬಹಳ ಜನ ಉಪಯೋಗಿಸಿಕೊಳ್ಳುವುದಿಲ್ಲ. ಕೋಟೆಯ ಸಾಲಿನಲ್ಲಿ ನಾವು ಓಬವ್ವ ಎಂಬ ಹೆಸರನ್ನೇ ಹೇಳಲಿಲ್ಲ. ಹೇಳಿದ್ದರೆ ಓದುಗ ತಾನೇ ಗುರುತಿಸುವ ಸಂತೋಷ ಹೋಗುತ್ತಿತ್ತು. ಆದರೆ ಗುರುತಿಸದವರೂ ಇರುತ್ತಾರಲ್ಲ? ಅವರಿಗಾಗಿ ಹೆಸರನ್ನು ಟ್ಯಾಗಿನಲ್ಲಿಡಿ: #ಒನಕೆಓಬವ್ವ. ಒತ್ತಿದರೆ ಕಥೆ ತೆರೆದುಕೊಳ್ಳುತ್ತದೆ, ಸಾಲಿನ ಲಯಕ್ಕೆ ಭಾರವಿಲ್ಲ. ಹೈದರಾಲಿಯ ಹೆಸರನ್ನು ಮಾತ್ರ ಸಾಲಿಗೂ ಟ್ಯಾಗಿಗೂ ಸೇರಿಸಬೇಡಿ. ಮೂಲದಲ್ಲಿ ಇಲ್ಲದ್ದನ್ನು ನೀವು ಸೇರಿಸಿದರೆ ಪ್ರವಾಸದ ಪೋಸ್ಟಿನ ಕೆಳಗೆ ಬೇರೆಯೇ ಜಗಳ ಶುರುವಾಗಬಹುದು, ಅದಕ್ಕೆ ಉತ್ತರ ಹೇಳಬೇಕಾದವರು ನೀವು.

ಬೆಂಗಳೂರಿನವರು ‘ಖಡ್ಗ ಎಲ್ಲಿ ಹೋಯಿತು?’ ಎಂದು ಕೇಳಿಯೇ ಕೇಳುತ್ತಾರೆ. ಕೇಳುವ ಮೊದಲೇ ಕನ್ನಡ ಸಾಲಿನ ಜೊತೆ ಎರಡು ವಾಕ್ಯ ಕಳುಹಿಸಿ: ಕನ್ನಡದಲ್ಲಿ ಅಕ್ಷರಶಃ ಏನಿದೆ, ಏಕೆ ಬದಲಾಯಿತು. ‘ಕೈಯಲ್ಲಿ ಒನಕೆ ಎಂದಿದೆ. ಇಲ್ಲಿನ ಓದುಗರಿಗೆ ಕಥೆ ಗೊತ್ತು, ಆಯುಧದ ಹೆಸರೇ ಅವರಿಗೆ ಇಡೀ ಕಥೆ.’ ಇಷ್ಟು ಸಾಕು. ಜೊತೆಗೆ ಮೂಲಕ್ಕೆ ಹತ್ತಿರದ ಇನ್ನೊಂದು ರೂಪವನ್ನೂ ಕೊಡಿ, ‘ಏಳು ಸುತ್ತಿನ ಕೋಟೆ. ಒಬ್ಬಳೇ ಹೆಣ್ಣು. ಖಡ್ಗ ಬೇಕಿಲ್ಲ.’ ಎಂದು. ‘ಖಡ್ಗವಿಲ್ಲ’ ಕೊರತೆಯಂತೆ ಕೇಳುತ್ತದೆ, ‘ಬೇಕಿಲ್ಲ’ದಲ್ಲಿ ಅವಳ ಧೈರ್ಯ ಇದೆ. ಮಾತ್ರೆಯೂ 8, ಮೇಲಿನ ತುಂಡಿಗೆ ಸಮ. ಒಪ್ಪಿಗೆ ಸಿಗದಿದ್ದರೆ ಇದನ್ನು ನಾಚಿಕೆಯಿಲ್ಲದೆ ಹಾಕಬಹುದು. ನನ್ನ ಆಯ್ಕೆ ಮಾತ್ರ ಒನಕೆಯದ್ದೇ.

ಫೀಡ್‌ನಲ್ಲಿ ಕ್ಯಾಪ್ಶನಿನ ಆರಂಭ ಮಾತ್ರ ಕಂಡು ಉಳಿದದ್ದು ಮಡಚಿಕೊಳ್ಳುವುದರಿಂದ ಸಾಲು ಮೊದಲು, ಒಂದು ಖಾಲಿ ಗೆರೆ, ಆಮೇಲೆ ಟ್ಯಾಗ್. ಟ್ಯಾಗ್ ಐದು ದಾಟದಿರಲಿ. ಕಂಪನಿಯ ಪ್ರಚಾರದ ಟ್ಯಾಗ್ ಇದ್ದರೆ ಕೊನೆಗೆ ಐದನೆಯದಾಗಿ ಅದನ್ನು ಸೇರಿಸಿಕೊಳ್ಳಿ:

```
ಏಳು ಸುತ್ತಿನ ಕೋಟೆ. ಒಬ್ಬಳೇ ಹೆಣ್ಣು. ಕೈಯಲ್ಲಿ ಒನಕೆ.

#ಚಿತ್ರದುರ್ಗ #ಒನಕೆಓಬವ್ವ #Chitradurga #ChitradurgaFort
```